ಗೋಡೆ 5 ಅಡಿ, ಹೂವು ಒಂದೂವರೆ ಅಡಿ: ಕಾಂಪೌಂಡಿನ ಎತ್ತರವನ್ನು ನಾನು ನಿರ್ಧರಿಸಿದ ಬಗೆ

ನಮ್ಮ ಮನೆಯ ಮುಂದಿನ ಕಾಂಪೌಂಡ್ ಗೋಡೆ, ಗೇಟು ಮತ್ತು ಗೇಟಿನಿಂದ ಜಗಲಿಯವರೆಗಿನ ದಾರಿಯನ್ನು ನಾನೇ ಅಳತೆ ಹಾಕಿ ಕಟ್ಟಿಸಿದೆ. ಗೋಡೆಯ ಮೇಲೆ ಉದ್ದಕ್ಕೂ ಕಾಗದದ ಹೂವಿನ ಬಳ್ಳಿ, ಅಂದರೆ ಬೋಗನ್‌ವಿಲ್ಲಾ, ಹಬ್ಬಬೇಕೆಂಬುದು ಮೊದಲಿನಿಂದಲೂ ಇದ್ದ ಆಸೆ. ಆದರೆ ಆ ಬಳ್ಳಿಯನ್ನು ಆಮೇಲೆ ಸೇರಿಸುವ ಅಲಂಕಾರವೆಂದು ಭಾವಿಸಿದ್ದೆ. ಅದೂ ಗೋಡೆಯ ಎತ್ತರದ ಒಂದು ಭಾಗವೆಂದು ತಿಳಿದದ್ದು ಪಾಯ ತೆಗೆಯುವ ಹಿಂದಿನ ದಿನ. ಆ ದಿನ ತಿಳಿಯದೇ ಹೋಗಿದ್ದರೆ ಗೇಟಿನ ಅಳತೆ ಪೂರ್ತಿಯಾಗಿ ತಪ್ಪುತ್ತಿತ್ತು.

ನನ್ನ ಮೊದಲ ನಕ್ಷೆಯಲ್ಲಿ ಗೋಡೆ 5 ಅಡಿ, ಗೇಟು ನಾಲ್ಕೂವರೆ ಅಡಿ, ಗೇಟಿನ ಕಂಬ ಐದೂವರೆ ಅಡಿ ಇದ್ದವು. ಕಾಗದದ ಮೇಲೆ ಅವು ಹೊಂದಿಕೊಂಡೇ ಇದ್ದವು. ಮೇಸ್ತ್ರಿಯವರು ಕೇಳಿದ ಪ್ರಶ್ನೆ ಒಂದೇ: "5 ಅಡಿ ಅಂದರೆ ಎಲ್ಲಿಂದ, ಸ್ವಾಮಿ? ಒಳಗಿನ ನೆಲದಿಂದಲೋ, ರಸ್ತೆಯಿಂದಲೋ?" ಪಾರದರ್ಶಕ ಪೈಪಿಗೆ ನೀರು ತುಂಬಿ, ಅದರ ಒಂದು ತುದಿಯನ್ನು ರಸ್ತೆಯಂಚಿನಲ್ಲೂ ಇನ್ನೊಂದನ್ನು ಒಳಗೂ ಹಿಡಿದು ಮಟ್ಟ ನೋಡಿದಾಗ, ಕಣ್ಣಿಗೆ ಸಮತಟ್ಟಾಗಿ ಕಾಣುತ್ತಿದ್ದ ನಮ್ಮ ಅಂಗಳ ರಸ್ತೆಗಿಂತ ಸರಿಯಾಗಿ 12 ಇಂಚು ಎತ್ತರದಲ್ಲಿತ್ತು. ಒಳಗಿನಿಂದ ಅಳೆದ 5 ಅಡಿಯ ಗೋಡೆ ಹೊರಗಿನವರಿಗೆ 6 ಅಡಿಯಾಗುತ್ತದೆ. ಗೇಟು ಮಾತ್ರ ರಸ್ತೆಯ ಮಟ್ಟದ ಸಮೀಪದಲ್ಲೇ, ರಸ್ತೆಗಿಂತ 3 ಇಂಚು ಏರಿಸಿದ ನೆಲದ ಮೇಲೆ 2 ಇಂಚು ಸಂದು ಬಿಟ್ಟು ನಿಲ್ಲಬೇಕಾದ್ದರಿಂದ ಅದರ ತಲೆ 4 ಅಡಿ 11 ಇಂಚಿಗೆ ಮುಗಿಯುತ್ತದೆ. ಅಂದರೆ ಗೋಡೆಗಿಂತ ಗೇಟು 13 ಇಂಚು ಕುಳ್ಳು, ಅದೇ ನೆಲದಿಂದ ಏಳುವ ಕಂಬ ಕೂಡ ಗೋಡೆಗಿಂತ 3 ಇಂಚು ಕುಳ್ಳು. ಅದರ ಮೇಲೆ ಒಂದೂವರೆ ಅಡಿ ಹೂವು ಬೆಳೆದರೆ, ಗೇಟು ಗೋಡೆಯಲ್ಲಿ ಕೊರೆದ ಗುಂಡಿಯಂತೆ ಕಾಣುತ್ತಿತ್ತು.

ಅಂದಿನಿಂದ ನಾನು ಎಲ್ಲ ಎತ್ತರಗಳನ್ನೂ ರಸ್ತೆಯಂಚಿನ ಒಂದೇ ಗುರುತಿನಿಂದ ಅಳೆಯತೊಡಗಿದೆ. ಅಲ್ಲಿ ಒಂದು ಕಲ್ಲು ನೆಟ್ಟು, ಅದರ ತಲೆಯನ್ನು ಸೊನ್ನೆ ಎಂದು ಇಟ್ಟುಕೊಂಡೆ. ಗೋಡೆ, ಗೇಟು, ಕಂಬ, ದಾರಿ, ಜಗಲಿ ಎಲ್ಲದರ ಲೆಕ್ಕವೂ ಅಲ್ಲಿಂದಲೇ. ಮುಂದೆ ಹೇಳುವ ಅಳತೆಗಳೆಲ್ಲ ಆ ಸೊನ್ನೆಯಿಂದ ಎಣಿಸಿದವು.

ಗೋಡೆ ಎಷ್ಟಿರಬೇಕೆಂಬುದನ್ನು ಕಣ್ಣಿನ ಎತ್ತರದಿಂದ ನಿರ್ಧರಿಸಿದೆ. ರಸ್ತೆಯಲ್ಲಿ ನಡೆಯುವವರ ಕಣ್ಣು ಸುಮಾರು 5 ಅಡಿ ಎತ್ತರದಲ್ಲಿರುತ್ತದೆ. ನಮ್ಮ ಜಗಲಿ ಅಂಗಳಕ್ಕಿಂತ 2 ಅಡಿ ಮೇಲಿದೆ, ಎಂದರೆ ಸೊನ್ನೆಯಿಂದ 3 ಅಡಿ. ಅಲ್ಲಿ ಕುರ್ಚಿಯಲ್ಲಿ ಕುಳಿತವರ ಕಣ್ಣು ಸುಮಾರು 6 ಅಡಿ 9 ಇಂಚಿಗೆ ಬರುತ್ತದೆ. ಗೋಡೆಯನ್ನು 5 ಅಡಿಗೆ ನಿಲ್ಲಿಸಿದರೆ ಹೊರಗಿನವರ ನೋಟ ಗೋಡೆಯ ತಲೆಯ ಮೇಲೆ ನೇರವಾಗಿ ಹಾದು, ಜಗಲಿಯಲ್ಲಿ ಕುಳಿತವರ ಮೊಣಕಾಲಿನಿಂದ ಮೇಲಿನದೆಲ್ಲವನ್ನೂ ತಲುಪುತ್ತದೆ. ಅದೇ ಗೋಡೆಯ ಮೇಲೆ ಒಂದೂವರೆ ಅಡಿ ಬಳ್ಳಿ ಇದ್ದರೆ ಹಸಿರಿನ ತಲೆ ಆರೂವರೆ ಅಡಿಗೆ ಏರುತ್ತದೆ. ಗೋಡೆಯಿಂದ 6 ಅಡಿ ದೂರದಲ್ಲಿ ನಡೆಯುವವರು ಆ ತಲೆಯ ಮೇಲಿನಿಂದ ನೋಡಿದರೆ, 15 ಅಡಿ ಒಳಗಿರುವ ಜಗಲಿಯನ್ನು ತಲುಪುವ ಹೊತ್ತಿಗೆ ಅವರ ನೋಟ 10 ಅಡಿಗೂ ಮೇಲೆ ಹೋಗಿರುತ್ತದೆ, ಕುಳಿತವರು ಕಾಣುವುದಿಲ್ಲ. ಕುಳಿತವರಿಗಾದರೋ ಹೂವಿನ ಮೇಲಿನಿಂದ ಆಚೆಯ ಮರಗಳೂ ಆಕಾಶವೂ ಕಾಣುತ್ತವೆ. 6 ಅಡಿಯ ಗೋಡೆ ಕೊಡುವ ಮರೆಯನ್ನು 5 ಅಡಿಯ ಗೋಡೆಯೂ ಬಳ್ಳಿಯೂ ಕೂಡಿ ಕೊಡುತ್ತವೆ, ಗಾಳಿಯನ್ನು ತಡೆಯುವುದೂ ಕಡಿಮೆ. ಹಾಗಾಗಿ ಹೊರಗಿನಿಂದ 5 ಅಡಿ, ಒಳಗಿನಿಂದ 4 ಅಡಿ ಎಂದು ಗೋಡೆಯನ್ನು ನಿಶ್ಚಯಿಸಿದೆ. ಗೋಡೆಯ ಎತ್ತರಕ್ಕೆ ಸ್ಥಳೀಯ ಆಡಳಿತದ ಮಿತಿ ಇರುವ ಕಡೆ ಆ ಮಿತಿಯನ್ನು ಯಾವ ಮಟ್ಟದಿಂದ ಎಣಿಸುತ್ತಾರೆಂಬುದನ್ನು ಮೊದಲೇ ಕೇಳಿಕೊಳ್ಳಬೇಕು.

ಲೆಕ್ಕ ಸರಿಯಿದ್ದರೂ ಕಣ್ಣಿನಿಂದ ನೋಡದೆ ಕಟ್ಟಲು ಮನಸ್ಸು ಒಪ್ಪಲಿಲ್ಲ. ಗೋಡೆ ಬರುವ ಜಾಗದಲ್ಲಿ ಬಿದಿರುಗಳಗಳನ್ನು ನೆಟ್ಟು, 5 ಅಡಿಗೆ ಒಂದು ಹಗ್ಗ, ಆರೂವರೆ ಅಡಿಗೆ ಇನ್ನೊಂದು ಹಗ್ಗ ಕಟ್ಟಿ, ಅವೆರಡರ ನಡುವೆ ಹಸಿರು ನೆರಳುಬಲೆಯನ್ನು ಇಳಿಬಿಟ್ಟೆ. ಗೇಟಿನ ಕಂಬಗಳ ಜಾಗದಲ್ಲಿ ರಟ್ಟಿನ ಪೆಟ್ಟಿಗೆಗಳನ್ನು ಒಂದರ ಮೇಲೊಂದು ನಿಲ್ಲಿಸಿದೆ. ಎರಡು ದಿನ ರಸ್ತೆಯ ಆಚೆ ಬದಿಯಿಂದಲೂ ಜಗಲಿಯಿಂದಲೂ ಮತ್ತೆ ಮತ್ತೆ ನೋಡಿದೆ. 15 ಇಂಚು ಅಗಲದ ಕಂಬ ಹಸಿರಿನ ಪಕ್ಕದಲ್ಲಿ ಕಡ್ಡಿಯಂತೆ ಕಂಡಿತು. 18 ಇಂಚಿಗೆ ಹಿಗ್ಗಿಸಿದಾಗ ನೆಲಕ್ಕೆ ಕಾಲೂರಿ ನಿಂತಂತಾಯಿತು. ಕಂಬದ ಎತ್ತರವನ್ನೂ ಅಲ್ಲಿಯೇ ಗೊತ್ತುಮಾಡಿದೆ: ಕಂಬದ ತಲೆ ಗೋಡೆಗಿಂತ ಮೇಲಿದ್ದರೆ ಸಾಲದು, ಬಳ್ಳಿಗಿಂತಲೂ ಮೇಲಿರಬೇಕು, ಇಲ್ಲವಾದರೆ ಪ್ರವೇಶ ಎಲ್ಲಿದೆಯೆಂದು ದೂರದಿಂದ ತಿಳಿಯುವುದಿಲ್ಲ. ಟೋಪಿಯೂ ಸೇರಿ ಕಂಬ 6 ಅಡಿ 9 ಇಂಚು ಎಂದಾಯಿತು. ಬಳ್ಳಿ ಇನ್ನೂ ಎಳೆಯದಾಗಿದ್ದ ಮೊದಲ ವರ್ಷವೆಲ್ಲ ಆ ಕಂಬಗಳು ಅತಿ ಎತ್ತರವಾಗಿ ಕಂಡದ್ದು ನಿಜ. ಬಂದವರು ಹಾಗೆಂದಾಗ ನನಗೂ ಅಳುಕಾಗುತ್ತಿತ್ತು. ಆದರೂ ಅಳತೆ ಬಳ್ಳಿ ತುಂಬಿದ ದಿನಕ್ಕೆ ಹಾಕಿದ್ದೆಂದು ಅವನ್ನು ಕುಗ್ಗಿಸದೆ ಬಿಟ್ಟೆ.

ಗೇಟಿನ ಎತ್ತರ ನಿರ್ಧಾರವಾಗಬೇಕಾದರೆ ಅದರ ಕೆಳಗಿನ ದಾರಿ ಮೊದಲು ನಿರ್ಧಾರವಾಗಬೇಕು. ಮಳೆನೀರು ರಸ್ತೆಯಿಂದ ಒಳನುಗ್ಗದಿರಲೆಂದು ಗೇಟಿನಡಿಯ ನೆಲವನ್ನು ಸೊನ್ನೆಗಿಂತ 3 ಇಂಚು ಏರಿಸಿದೆ. ಅಲ್ಲಿಂದ ಅಂಗಳದ ಮಟ್ಟಕ್ಕೆ ಇನ್ನೂ 9 ಇಂಚು ಏರಬೇಕು. ಗೇಟಿನ ಬಾಗಿಲುಗಳು ಒಳಕ್ಕೆ ತೆರೆಯುವುದರಿಂದ, 12 ಅಡಿಗೆ 1 ಅಡಿಯ ಏರು ಗೇಟಿನ ಬುಡದಲ್ಲೇ ಶುರುವಾದರೆ 5 ಅಡಿ ಒಳಗೆ ನೆಲ 5 ಇಂಚು ಮೇಲೆ ಬಂದಿರುತ್ತದೆ. 2 ಇಂಚು ಸಂದು ಬಿಟ್ಟು ಕೂರಿಸಿದ ಬಾಗಿಲು ಅರ್ಧದಾರಿಯಲ್ಲೇ ನೆಲಕ್ಕೆ ತಾಗಿ ನಿಲ್ಲುತ್ತದೆ. ಇದನ್ನು ತಪ್ಪಿಸಲು ಸಂದನ್ನೇ 6 ಇಂಚಿಗೆ ಹೆಚ್ಚಿಸುವವರಿದ್ದಾರೆ. ಹಾಗೆ ಮಾಡಿದರೆ ಗೇಟು ನೆಲ ಬಿಟ್ಟು ತೇಲಿದಂತೆ ಕಾಣುತ್ತದೆ, ನಾಯಿಗಳೂ ನುಸುಳುತ್ತವೆ. ನಾನು ಮೊದಲ 6 ಅಡಿಯನ್ನು ಬಹುತೇಕ ಸಮತಟ್ಟಾಗಿಟ್ಟು, ನೀರು ಹೊರಕ್ಕೆ ಹರಿಯುವಷ್ಟು, 50ಕ್ಕೆ 1ರಂತೆ ಮಾತ್ರ ಇಳಿಜಾರು ಕೊಟ್ಟೆ. ಪೂರ್ತಿ ತೆರೆದ ಬಾಗಿಲಿನ ತುದಿಯ ಕೆಳಗೆ ಈಗಲೂ ಮುಕ್ಕಾಲು ಇಂಚು ಉಳಿಯುತ್ತದೆ. ಉಳಿದ ಏಳೂವರೆ ಇಂಚನ್ನು ಅದರಾಚೆಯ ಏಳೂವರೆ ಅಡಿಯಲ್ಲಿ ಏರಿಸಿದ್ದೇನೆ.

ಗೇಟಿನ ಒಟ್ಟು ತೆರವು 10 ಅಡಿ, ಬಾಗಿಲು ಎರಡು. ಗೇಟಿನ ತಲೆಯನ್ನು ಗೋಡೆಯ ತಲೆಗೆ ಸಮನಾಗಿ ಇಟ್ಟಿದ್ದರೆ ಒಂದೊಂದು ಬಾಗಿಲೂ ಎತ್ತರಕ್ಕಿಂತ ಅಗಲವೇ ಹೆಚ್ಚಾಗಿ ಅಡ್ಡಡ್ಡಲಾಗಿ ಕಾಣುತ್ತಿತ್ತು. ಅದು ಬರೀ ನೋಟದ ಮಾತಲ್ಲ. ಎತ್ತರಕ್ಕಿಂತ ಅಗಲ ಹೆಚ್ಚಾದಷ್ಟೂ ಮೇಲಿನ ಹಿಂಜಿನ ಮೇಲೆ ಎಳೆತ ಹೆಚ್ಚಾಗಿ ಬಾಗಿಲಿನ ತುದಿ ಜಗ್ಗುತ್ತದೆ. ಆದ್ದರಿಂದ ಗೇಟಿನ ತಲೆಯನ್ನು ಗೋಡೆಗಿಂತ 6 ಇಂಚು ಮೇಲಕ್ಕೆ, ಐದೂವರೆ ಅಡಿಗೆ ತಂದೆ. ಚೌಕಟ್ಟು 5 ಅಡಿ 1 ಇಂಚು ಎತ್ತರ, 4 ಅಡಿ 10 ಇಂಚು ಅಗಲವಾಯಿತು. ಹಿಂಜಿನ ಕಡೆಯ ಕೆಳಮೂಲೆಯಿಂದ ಚಿಲಕದ ಕಡೆಯ ಮೇಲ್ಮೂಲೆಗೆ ಒಂದು ಓರೆ ಕೊಳವೆಯನ್ನು ಬೆಸುಗೆ ಹಾಕಿಸಿದೆ. ಜಗ್ಗಿದೆಯೇ ಎಂದು ತಿಳಿಯಲು ಎರಡು ಬಾಗಿಲು ಕೂಡುವ ನಡುಸಂದನ್ನು ನೋಡಿದರೆ ಸಾಕು: ಮೇಲೆ ಕಿರಿದಾಗಿ ಕೆಳಗೆ ಅಗಲವಾಗದೆ, ಉದ್ದಕ್ಕೂ ಒಂದೇ ಸಮನಾಗಿರಬೇಕು. ಬೆಸುಗೆಯವರಿಗೆ ಅಳತೆಯನ್ನು ಕಂಬಗಳ ಗಾರೆ ಒಣಗಿದ ಮೇಲೆಯೇ ಕೊಟ್ಟೆ, ಏಕೆಂದರೆ ಗಾರೆ ಎರಡೂ ಕಡೆಯಿಂದ ಸೇರಿ ತೆರವಿನಲ್ಲಿ ಒಂದು ಇಂಚಿಗೂ ಹೆಚ್ಚು ನುಂಗುತ್ತದೆ.

ಬಳ್ಳಿಯ ವಿಷಯದಲ್ಲಿ ನಾನು ಎರಡು ತಪ್ಪು ಮಾಡಿದೆ. ಕಂಬದ ಪಕ್ಕದಲ್ಲೇ ಒಂದೊಂದು ಗಿಡ ನೆಟ್ಟದ್ದು ಮೊದಲನೆಯದು. ಎರಡನೆಯ ಮಳೆಗಾಲದಲ್ಲಿ ಮುಳ್ಳಿನ ಕೊಂಬೆಗಳು ಹಿಂಜಿಗೂ ತೆರೆದ ಬಾಗಿಲಿಗೂ ಸಿಕ್ಕಿಕೊಂಡು ಗೇಟು ಪೂರ್ತಿ ತೆರೆಯದಾಯಿತು, ಕಂಬದ ಟೋಪಿಯೂ ಮರೆಯಾಯಿತು. ಆ ಎರಡನ್ನೂ ತೆಗೆದು, ಕಂಬದಿಂದ 4 ಅಡಿ ಆಚೆಗೆ, ಗೋಡೆಯಿಂದ ಒಂದೂವರೆ ಅಡಿ ಒಳಗೆ ಹೊಸ ಗಿಡಗಳನ್ನು ನೆಟ್ಟೆ. ತೆರೆದ ಬಾಗಿಲು ನಿಲ್ಲುವ ದಾರಿಯಂಚಿನಲ್ಲಿ ಈಗ ಏನನ್ನೂ ಬೆಳೆಸುವುದಿಲ್ಲ.

ಎರಡನೆಯ ತಪ್ಪು ಕತ್ತರಿಸುವ ಎತ್ತರದ್ದು. ಹಸಿರು ಆರೂವರೆ ಅಡಿಯಲ್ಲಿರಬೇಕೆಂದು ಅದೇ ಎತ್ತರಕ್ಕೆ ಸವರುತ್ತಿದ್ದೆ. ಕೆಲವೇ ವಾರಗಳಲ್ಲಿ ಅದು ಕಂಬವನ್ನು ದಾಟುತ್ತಿತ್ತು. ಮತ್ತೆ ಸವರಿದರೆ ಬಣ್ಣವೆಲ್ಲ ನೆಲಕ್ಕೆ ಬೀಳುತ್ತಿತ್ತು. ಬೋಗನ್‌ವಿಲ್ಲಾದ ಬಣ್ಣದ ಎಸಳುಗಳೆಂದು ನಾವು ಕರೆಯುವವು ನಿಜವಾಗಿ ಹೂವನ್ನು ಸುತ್ತುವರಿದ ಎಲೆಗಳು, ಅವು ಬರುವುದು ಹೊಸ ಚಿಗುರಿನ ಮೇಲೆ. ಬೇಕಾದ ಎತ್ತರದಲ್ಲಿಯೇ ಕತ್ತರಿಸಿದರೆ ಬಣ್ಣ ಆ ಎತ್ತರದ ಮೇಲೆ ಮಾತ್ರ ಮೂಡಲು ಸಾಧ್ಯ. ಈಗ ಒಂದು ಸುತ್ತಿನ ಹೂವು ಮುಗಿದೊಡನೆ ಗೋಡೆಯ ತಲೆಯಿಂದ 6 ಇಂಚು ಮೇಲಕ್ಕೆ ಉಳಿಸಿ ಮಿಕ್ಕದ್ದನ್ನು ತೆಗೆಯುತ್ತೇನೆ. ಉಳಿದ 12 ಇಂಚು ಚಿಗುರಿಗೆ ಬಿಟ್ಟ ಜಾಗ. ನೀರು, ಗೊಬ್ಬರ ಹೆಚ್ಚಾದರೆ ಚಿಗುರು ಹೂವಿಲ್ಲದೆ ಉದ್ದುದ್ದ ಬೆಳೆದು ಈ ಲೆಕ್ಕ ಕೆಡುತ್ತದೆ. ಆದ್ದರಿಂದ ಬೇರೂರಿದ ಗಿಡಕ್ಕೆ ಮೇಲ್ಮಣ್ಣು ಚೆನ್ನಾಗಿ ಒಣಗಿದ ಮೇಲೆಯೇ ನೀರು ಕೊಡುತ್ತೇನೆ.

ರಸ್ತೆಯ ಕಡೆಗೆ ಒಂದು ಕೊಂಬೆಯೂ ಗೋಡೆಯ ಮುಖ ದಾಟಿ ಚಾಚದಂತೆ ನೋಡಿಕೊಳ್ಳುವುದು ನನಗೆ ಅಂದಕ್ಕಿಂತ ದೊಡ್ಡ ವಿಷಯ, ಏಕೆಂದರೆ ಹಸಿರು ತುಂಬಿರುವ 5ರಿಂದ ಆರೂವರೆ ಅಡಿಯ ನಡುವೆಯೇ ನಡೆಯುವವರ ಕಣ್ಣು ಇರುತ್ತದೆ, ಮುಳ್ಳೂ ಅಲ್ಲಿಯೇ ಇರುತ್ತದೆ. ಒಳಗೋಡೆಯಿಂದ 3 ಇಂಚು ಮುಂದಕ್ಕೆ ಮೂರು ಸಾಲು ತಂತಿ ಎಳೆದು, ಕಾಂಡಗಳನ್ನು ಅವಕ್ಕೆ ಸಡಿಲವಾಗಿ ಕಟ್ಟಿ, ಬಳ್ಳಿಯ ಭಾರ ಅಂಗಳದ ಕಡೆಗೇ ಬಾಗುವಂತೆ ಮಾಡಿದ್ದೇನೆ. ಎರಡೂ ಕಂಬಗಳ ಒಳಮುಖದಲ್ಲಿ ಸೊನ್ನೆಯಿಂದ ಐದೂವರೆ ಅಡಿಗೆ ಒಂದು ಗೆರೆ, ಆರೂವರೆ ಅಡಿಗೆ ಇನ್ನೊಂದು ಗೆರೆ ಕೊರೆಸಿಟ್ಟಿದ್ದೇನೆ. ಸವರಲು ಬರುವವರು ಕೆಳಗಿನ ಗೆರೆಯ ಮಟ್ಟದಲ್ಲಿ ಕಂಬದಿಂದ ಗೋಡೆಯುದ್ದಕ್ಕೂ ಹುರಿ ಬಿಗಿದು ಕತ್ತರಿಸುತ್ತಾರೆ. ಚಿಗುರು ಮೇಲಿನ ಗೆರೆ ಮುಟ್ಟಿ, ಬಣ್ಣ ಬಾಡತೊಡಗಿದಾಗ ಅವರನ್ನು ಮತ್ತೆ ಕರೆಯುತ್ತೇನೆ.