ಬಸುರಿಯರ ಜಿಟಿಟಿ ರಿಪೋರ್ಟನ್ನು ನಾನು ಓದುವ ರೀತಿ

ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ನಾನು ಹೆರಿಗೆ ಡಾಕ್ಟರ್. ಆರನೇ ತಿಂಗಳು ಮುಗಿಯುತ್ತಾ ಬಂದ ಬಸುರಿಯರಿಗೆಲ್ಲ, ಅಂದರೆ 24ರಿಂದ 28 ವಾರದೊಳಗೆ, ಬಸುರಿನಲ್ಲಿ ಸಕ್ಕರೆ ಕಾಯಿಲೆ ಬಂದಿದೆಯಾ ಅಂತ ನೋಡಲು ಗ್ಲೂಕೋಸ್ ಕುಡಿಸಿ ಮಾಡುವ ಜಿಟಿಟಿ ಟೆಸ್ಟ್ ಬರೆದುಕೊಡುತ್ತೇನೆ. ರಿಪೋರ್ಟ್‌ನಲ್ಲಿ ಮೂರು ಅಂಕಿ ಬರುತ್ತವೆ. ಖಾಲಿ ಹೊಟ್ಟೆಯದು ಒಂದು, ಗ್ಲೂಕೋಸ್ ಕುಡಿದ ಒಂದು ಗಂಟೆಗೆ ಒಂದು, ಎರಡು ಗಂಟೆಗೆ ಇನ್ನೊಂದು. ಮೂರೇ ಅಂಕಿ ಇದ್ದರೂ ತಪ್ಪಾಗಿ ಓದುವುದಕ್ಕೆ ಬೇಕಾದಷ್ಟು ದಾರಿಗಳಿವೆ. ಒಬ್ಬರ ರಿಪೋರ್ಟನ್ನೇ ಇಟ್ಟುಕೊಂಡು ನಾನು ಹೇಗೆ ಓದುತ್ತೇನೆ ಅಂತ ಬರೆಯುತ್ತೇನೆ.

ಅವರಿಗೆ ಅದು ಎರಡನೇ ಬಸುರು, 26ನೇ ವಾರ. ಮೊದಲ ಮಗು 3.9 ಕಿಲೋ ಇತ್ತು. ಅವರ ತಾಯಿಗೆ ಸಕ್ಕರೆ ಕಾಯಿಲೆ. ಮನೆ ಹತ್ತಿರದ ಒಂದು ಕಲೆಕ್ಷನ್ ಸೆಂಟರ್‌ನಲ್ಲಿ ಟೆಸ್ಟ್ ಮಾಡಿಸಿಕೊಂಡು ಅತ್ತೆಯ ಜೊತೆ ಬಂದಿದ್ದರು. ಖಾಲಿ ಹೊಟ್ಟೆಯಲ್ಲಿ 84, ಒಂದು ಗಂಟೆಗೆ 161, ಎರಡು ಗಂಟೆಗೆ 142. ಎರಡು ಗಂಟೆಯ ಅಂಕಿ ಮಾತ್ರ ದಪ್ಪ ಅಕ್ಷರದಲ್ಲಿತ್ತು. ಪಕ್ಕದಲ್ಲಿ '140ಕ್ಕಿಂತ ಕಡಿಮೆ ಇರಬೇಕು' ಅಂತ ಅಚ್ಚಾಗಿತ್ತು. "ಶುಗರ್ ಬಂದುಬಿಟ್ಟಿದೆ ಅಂತಾರಲ್ಲ ಮೇಡಂ?" ಅಂತ ಅತ್ತೆ ಕೇಳಿದರು. ಸೊಸೆ ಆಗಲೇ ಎರಡು ದಿನದಿಂದ ಅನ್ನ ಬಿಟ್ಟಿದ್ದರು.

ಲ್ಯಾಬಿನವರು ಅಚ್ಚು ಹಾಕುವ ಆ ಪಕ್ಕದ ಅಂಕಣವನ್ನು ನಾನು ನೋಡುವುದೇ ಇಲ್ಲ. ಸಾಮಾನ್ಯವಾಗಿ ಅಲ್ಲಿರುವುದು ಬಸುರಿಯಲ್ಲದವರ ಲೆಕ್ಕ. ಖಾಲಿ ಹೊಟ್ಟೆಗೆ 100ರವರೆಗೆ ಸರಿ, ಎರಡು ಗಂಟೆಗೆ 140ರೊಳಗೆ ಸರಿ ಅಂತ ಇರುತ್ತದೆ. ಮೂರು ಸಲ ರಕ್ತ ತೆಗೆಯುವ 75 ಗ್ರಾಂ ಟೆಸ್ಟ್‌ನಲ್ಲಿ ಬಸುರಿಯರಿಗೆ ಇರುವ ಗಡಿಯೇ ಬೇರೆ. ಖಾಲಿ ಹೊಟ್ಟೆಗೆ 92, ಒಂದು ಗಂಟೆಗೆ 180, ಎರಡು ಗಂಟೆಗೆ 153, ಎಲ್ಲವೂ ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ. ಮೂರರಲ್ಲಿ ಯಾವುದಾದರೂ ಒಂದು ಆ ಗಡಿಯನ್ನು ಮುಟ್ಟಿದರೆ ಸಾಕು, ಬಸುರಿನ ಸಕ್ಕರೆ ಕಾಯಿಲೆ ಅಂತಲೇ ಲೆಕ್ಕ. ಎರಡು ಮುಟ್ಟಬೇಕು ಅನ್ನುವುದು 100 ಗ್ರಾಂ ಕುಡಿಸುವ ಹಳೆಯ ಟೆಸ್ಟ್‌ನ ನಿಯಮ. ಅದನ್ನು ಇಲ್ಲಿಗೆ ತರಬಾರದು. ಖಾಲಿ ಹೊಟ್ಟೆಯಲ್ಲೇ 126 ಅಥವಾ ಎರಡು ಗಂಟೆಗೆ 200 ಬಂದರೆ ಅದು ಬಸುರಿನಿಂದ ಮಾತ್ರ ಬಂದದ್ದಲ್ಲ, ಮೊದಲೇ ಇದ್ದ ಸಕ್ಕರೆ ಕಾಯಿಲೆ ಇರಬಹುದು ಅಂತ ಬೇರೆಯೇ ದಾರಿಯಲ್ಲಿ ನೋಡಬೇಕಾಗುತ್ತದೆ.

ಹಾಗಾದರೆ 140 ಎಲ್ಲಿಂದ ಬಂತು? ಸರ್ಕಾರಿ ಆಸ್ಪತ್ರೆಯಲ್ಲಿ ಮಾಡುವ ಟೆಸ್ಟ್‌ನಲ್ಲೂ 140 ಇದೆ. ಆದರೆ ಅಲ್ಲಿ ಉಪವಾಸ ಇರಬೇಕಾಗಿಲ್ಲ. ತಿಂಡಿ ತಿಂದಿದ್ದರೂ ಸರಿ, 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಗೆ ಒಂದೇ ಸಲ ರಕ್ತ ನೋಡುತ್ತಾರೆ. 140 ಮುಟ್ಟಿದರೆ ಇದೆ ಅಂತ ತೀರ್ಮಾನ. ದೂರದ ಹಳ್ಳಿಯಿಂದ ಬಸ್ ಹಿಡಿದು ಬರುವ ಬಸುರಿಯನ್ನು ಮಧ್ಯಾಹ್ನದವರೆಗೆ ಹಸಿದು ಕೂರಿಸದೆ ಅವತ್ತೇ ಮುಗಿಸಿ ಕಳಿಸಬಹುದು. ಅದು ಒಳ್ಳೆಯ ಟೆಸ್ಟ್, ನನಗೆ ಅದರ ಮೇಲೆ ಗೌರವ ಇದೆ. ಆದರೆ ಒಂದು ಟೆಸ್ಟ್‌ನ ಗಡಿಯನ್ನು ಇನ್ನೊಂದಕ್ಕೆ ಹಚ್ಚಿ ಓದಬಾರದು. ಇವರು ರಾತ್ರಿಯೆಲ್ಲ ಉಪವಾಸ ಇದ್ದು ಮೂರು ಸಲ ರಕ್ತ ಕೊಟ್ಟವರು. ಇವರ 142ನ್ನು 153ರ ಪಕ್ಕ ಇಡಬೇಕು. ಇಟ್ಟರೆ ಅದು ಗಡಿಯೊಳಗೇ ಇದೆ.

ಅಂಕಿಗಳನ್ನಷ್ಟೇ ನೋಡಿದ್ದರೆ ಅವತ್ತು 'ಏನೂ ಇಲ್ಲ' ಅಂತ ಕಳಿಸಬಹುದಿತ್ತು. ಆದರೆ ನನಗೆ 84ರ ಮೇಲೆ ನಂಬಿಕೆ ಬರಲಿಲ್ಲ. ರಿಪೋರ್ಟ್‌ನ ಮೇಲ್ಭಾಗದಲ್ಲಿ ಸ್ಯಾಂಪಲ್ ತೆಗೆದ ಸಮಯ, ಲ್ಯಾಬಿಗೆ ತಲುಪಿದ ಸಮಯ ಎರಡೂ ಇರುತ್ತವೆ. ನಾನು ಅಂಕಿಗಿಂತ ಮೊದಲು ನೋಡುವುದು ಅದನ್ನೇ. ಇವರದರಲ್ಲಿ ಮೂರೂ ಸ್ಯಾಂಪಲ್‌ಗೆ ಒಂದೇ ಸಮಯ, 8.05, ಅಂತ ಇತ್ತು. ಅದು ಹೆಸರು ಬರೆಸಿದ ಸಮಯ, ರಕ್ತ ತೆಗೆದದ್ದಲ್ಲ. ತಲುಪಿದ್ದು 11 ಗಂಟೆಗೆ. ಟ್ಯೂಬ್ ಯಾವ ಬಣ್ಣದ್ದು ಅಂತ ಕೇಳಿದೆ. "ಮೂರೂ ಕೆಂಪು ಮುಚ್ಚಳದವು ಮೇಡಂ, ಸ್ಟ್ಯಾಂಡಲ್ಲಿ ಇಟ್ಟಿದ್ದರು, ಆಮೇಲೆ ಹುಡುಗ ಬೈಕಲ್ಲಿ ತಗೊಂಡು ಹೋದ" ಅಂದರು.

ಟ್ಯೂಬಿಗೆ ಬಂದ ಮೇಲೂ ರಕ್ತದ ಕಣಗಳು ಬದುಕಿರುತ್ತವೆ. ಅವು ಸಕ್ಕರೆ ತಿನ್ನುತ್ತಲೇ ಇರುತ್ತವೆ. ಹಾಗೇ ಇಟ್ಟರೆ ಗಂಟೆಗೆ ಸುಮಾರು ನೂರಕ್ಕೆ 5ರಿಂದ 7ರಷ್ಟು ಸಕ್ಕರೆ ಇಳಿಯುತ್ತದೆ. ಮೂರೂ ಟ್ಯೂಬನ್ನು ಒಟ್ಟಿಗೆ ಕಳಿಸಿದರೆ ಹೆಚ್ಚು ಹೊತ್ತು ಕಾದಿರುವುದು ಮೊದಲು ತೆಗೆದ ಖಾಲಿ ಹೊಟ್ಟೆಯ ಟ್ಯೂಬ್. ಇಲ್ಲಿ ಅದು ಮೂರು ಗಂಟೆ ಕಾದಿದೆ, ಕೊನೆಯದು ಒಂದೇ ಗಂಟೆ. ಅಂದರೆ ಯಾವ ಅಂಕಿಯ ಗಡಿ ತುಂಬಾ ಬಿಗಿಯೋ, ನಾಲ್ಕೈದು ಆಚೀಚೆ ಆದರೆ ತೀರ್ಪೇ ಬದಲಾಗುತ್ತದೋ, ಅದೇ ಅಂಕಿ ಎಲ್ಲಕ್ಕಿಂತ ಜಾಸ್ತಿ ಇಳಿದಿರುತ್ತದೆ. ಬೂದು ಮುಚ್ಚಳದ ಟ್ಯೂಬಿನಲ್ಲಿ ಫ್ಲೋರೈಡ್ ಇರುತ್ತದೆ. ಅದು ಈ ಇಳಿಕೆಯನ್ನು ತಡೆಯುತ್ತದೆ. ಆದರೆ ಅದೂ ತಕ್ಷಣ ಕೆಲಸ ಮಾಡುವುದಿಲ್ಲ, ಮೊದಲ ಒಂದೆರಡು ಗಂಟೆ ಸ್ವಲ್ಪ ಇಳಿಯುತ್ತದೆ. ಹಾಗಾಗಿ ಬೂದು ಟ್ಯೂಬ್ ಬಳಸಿದರೂ ಅದನ್ನು ಐಸ್ ಮೇಲಿಟ್ಟು, ಆದಷ್ಟು ಬೇಗ ಸೆಂಟ್ರಿಫ್ಯೂಜಲ್ಲಿ ತಿರುಗಿಸಿ ಪ್ಲಾಸ್ಮಾ ಬೇರೆ ಮಾಡುವುದೇ ಸರಿ.

ಮೊದಲ ಮಗುವಿನ ತೂಕ, ತಾಯಿಯ ಕಾಯಿಲೆ, ಈ ಕೆಂಪು ಟ್ಯೂಬ್, ಮೂರನ್ನೂ ಸೇರಿಸಿ ನೋಡಿ ಮತ್ತೆ ಮಾಡೋಣ ಅಂದೆ. ಮೊದಲು ಮೂರು ದಿನ ಎಂದಿನಂತೆ ಅನ್ನ, ಮುದ್ದೆ ಊಟ ಮಾಡಿ ಬರಲು ಹೇಳಿದೆ. ಟೆಸ್ಟ್ ಚೆನ್ನಾಗಿ ಬರಲಿ ಅಂತ ಅನ್ನ ಬಿಟ್ಟು ಬರುವವರು ತುಂಬಾ ಜನ. ಅದರಿಂದ ಆಗುವುದು ಉಲ್ಟಾ. ಕೆಲವು ದಿನ ಹಿಟ್ಟು, ಅನ್ನ ಕಡಿಮೆ ತಿಂದ ಮೈಗೆ ಒಮ್ಮೆಗೇ 75 ಗ್ರಾಂ ಗ್ಲೂಕೋಸ್ ಬಂದರೆ ಇನ್ಸುಲಿನ್ ಬೇಗ ಒದಗುವುದಿಲ್ಲ, ಸಕ್ಕರೆ ಸುಳ್ಳೇ ಮೇಲೆ ಹೋಗಬಹುದು.

ಹಿಂದಿನ ರಾತ್ರಿ 9 ಗಂಟೆಗೆ ಊಟ ಮುಗಿಸಿ, ಆಮೇಲೆ ನೀರು ಮಾತ್ರ ಕುಡಿದು ಬೆಳಗ್ಗೆ ಬಂದರು. ಸಿಸ್ಟರ್ ಮೊದಲ ರಕ್ತ ತೆಗೆದು, 75 ಗ್ರಾಂನ ಪ್ಯಾಕೆಟ್ಟನ್ನು ಪೂರ್ತಿ 300 ಮಿಲಿ ನೀರಿಗೆ ಕಲಸಿ, ಅರ್ಧ ನಿಂಬೆಹಣ್ಣು ಹಿಂಡಿ ಕೊಟ್ಟರು. ಐದೇ ನಿಮಿಷದಲ್ಲಿ ಕುಡಿದು ಮುಗಿಸಬೇಕು. ಗಡಿಯಾರ ನೋಡಬೇಕಾದ್ದು ಮೊದಲ ಗುಟುಕು ಕುಡಿದಾಗ, ಲೋಟ ಖಾಲಿಯಾದಾಗ ಅಲ್ಲ. ಅರ್ಧ ಗಂಟೆಯೊಳಗೆ ವಾಂತಿಯಾದರೆ ಅವತ್ತಿನ ಟೆಸ್ಟ್ ನಿಲ್ಲಿಸಿ ಇನ್ನೊಂದು ದಿನ ಮಾಡುತ್ತೇನೆ. ಎರಡು ಗಂಟೆಯೂ ಅಲ್ಲೇ ಕೂರಬೇಕು. ಪೇಟೆ ಕೆಲಸ ಮುಗಿಸಿ ಬರ್ತೀನಿ ಅಂತ ಹೋದರೆ ನಡೆದಷ್ಟೂ ಸಕ್ಕರೆ ಇಳಿದು ಅಂಕಿ ಸುಳ್ಳಾಗುತ್ತದೆ. ಪ್ರತಿ ಟ್ಯೂಬಿನ ಮೇಲೂ ತೆಗೆದ ಸಮಯವನ್ನು ಕೈಯಲ್ಲೇ ಬರೆಸಿದೆ. ಮೂರನ್ನೂ ಒಟ್ಟಿಗೆ ಕಾಯಿಸದೆ, ಒಂದೊಂದನ್ನೂ ತೆಗೆದ ಕೂಡಲೇ ತಿರುಗಿಸಿದರು.

ಬಂದದ್ದು 97, 171, 146.

ಒಂದು ಗಂಟೆ ಸರಿ, ಎರಡು ಗಂಟೆ ಸರಿ. ಖಾಲಿ ಹೊಟ್ಟೆಯದು 92ನ್ನು ದಾಟಿದೆ. ಅಲ್ಲಿಗೆ ತೀರ್ಮಾನವಾಯಿತು. 84ಕ್ಕೂ 97ಕ್ಕೂ ಇರುವ ವ್ಯತ್ಯಾಸವೆಲ್ಲ ಟ್ಯೂಬಿನದೇ ಅಂತ ನಾನು ಹೇಳುವುದಿಲ್ಲ. ಒಂದೇ ಮೈಯಲ್ಲಿ ದಿನದಿಂದ ದಿನಕ್ಕೂ ಅಂಕಿ ಹೆಚ್ಚು ಕಡಿಮೆ ಆಗುತ್ತದೆ. ಆದರೆ ಎರಡರಲ್ಲಿ ಯಾವುದನ್ನು ನಂಬಬೇಕು ಅನ್ನುವುದರಲ್ಲಿ ನನಗೆ ಅನುಮಾನ ಇರಲಿಲ್ಲ.

"ಬರೀ ಐದು ಜಾಸ್ತಿ, ಅಷ್ಟಕ್ಕೇ ಕಾಯಿಲೆನಾ ಮೇಡಂ?" ಅಂತ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಈ ಗಡಿಗಳು ಬಂದದ್ದು ಹಾಪೋ ಅನ್ನುವ ದೊಡ್ಡ ಅಧ್ಯಯನದಿಂದ. ಒಂಬತ್ತು ದೇಶಗಳ ಸುಮಾರು 25,000 ಬಸುರಿಯರನ್ನು ನೋಡಿ 2008ರಲ್ಲಿ ಪ್ರಕಟಿಸಿದರು. ನಮ್ಮ ದೇಶ ಅದರಲ್ಲಿ ಇರಲಿಲ್ಲ. ಸಕ್ಕರೆ ಏರಿದ ಹಾಗೆ ದಪ್ಪ ಮಗು, ಸಿಸೇರಿಯನ್, ಹುಟ್ಟಿದ ಮಗುವಿಗೆ ಸಕ್ಕರೆ ಕುಸಿಯುವುದು, ಇವೆಲ್ಲ ನಿಧಾನವಾಗಿ ಏರುತ್ತಾ ಹೋದವು. ಇಲ್ಲಿಂದ ಅಪಾಯ ಶುರು ಅನ್ನುವ ಗೋಡೆ ಎಲ್ಲೂ ಕಾಣಲಿಲ್ಲ. ಆಮೇಲೆ ತಜ್ಞರು ಕೂತು, ಸರಾಸರಿ ಸಕ್ಕರೆಯವರಿಗೆ ಹೋಲಿಸಿದರೆ ದಪ್ಪ ಮಗುವಿನಂಥ ತೊಂದರೆಯ ಸಾಧ್ಯತೆ ಸುಮಾರು ಒಂದೂ ಮುಕ್ಕಾಲು ಪಟ್ಟು ಆಗುವ ಜಾಗದಲ್ಲಿ 2010ರಲ್ಲಿ ಗೆರೆ ಎಳೆದರು. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನು ಒಪ್ಪಿತು. ಹಾಗಾಗಿ 91 ಬಂದವರನ್ನು ನಾನು ಮರೆತುಬಿಡುವುದಿಲ್ಲ, 93 ಬಂದವರನ್ನು ಹೆದರಿಸುವುದೂ ಇಲ್ಲ.

ಯಾವ ಅಂಕಿ ದಾಟಿದೆ ಅನ್ನುವುದೂ ಚಿಕಿತ್ಸೆಗೆ ಮುಖ್ಯ. ಒಂದು ಗಂಟೆ, ಎರಡು ಗಂಟೆಯ ಅಂಕಿ ಮಾತ್ರ ಏರಿದ್ದರೆ ಊಟದ ಅಳತೆ ಬದಲಿಸಿ, ಊಟವಾದ ಮೇಲೆ ಸ್ವಲ್ಪ ನಡೆದರೆ ಎಷ್ಟೋ ಜನಕ್ಕೆ ಸಾಕಾಗುತ್ತದೆ. ಖಾಲಿ ಹೊಟ್ಟೆಯದು ಏರುವುದೇ ಬೇರೆ ಕಾರಣಕ್ಕೆ. ರಾತ್ರಿ ನಾವು ಮಲಗಿದ್ದಾಗ ಲಿವರ್ ಸಕ್ಕರೆ ಬಿಡುತ್ತಿರುತ್ತದೆ. ಬಸುರಿನ ಹಾರ್ಮೋನುಗಳು ಇನ್ಸುಲಿನ್ನಿನ ಹಿಡಿತ ಸಡಿಲ ಮಾಡಿದಾಗ ಅದು ಜಾಸ್ತಿಯಾಗುತ್ತದೆ. ಊಟದಿಂದ ಮಾತ್ರ ಇದನ್ನು ಇಳಿಸುವುದು ಕಷ್ಟ ಅಂತ ಇವರಿಗೆ ಮೊದಲೇ ಹೇಳಿದೆ.

ಮನೆಯಲ್ಲಿ ಗ್ಲೂಕೋಮೀಟರ್ ಶುರುವಾದ ಮೇಲೆ ಇನ್ನೊಂದು ಗೊಂದಲ ಬಂತು. ಊಟವಾದ ಒಂದು ಗಂಟೆಗೆ 165 ಬಂದಾಗ "180ರೊಳಗೇ ಇದೆಯಲ್ಲ" ಅಂತ ಸಮಾಧಾನ ಮಾಡಿಕೊಂಡಿದ್ದರು. 180 ಇರುವುದು 75 ಗ್ರಾಂ ಗ್ಲೂಕೋಸ್ ಕುಡಿದಾಗ ಕಾಯಿಲೆ ಗುರುತಿಸಲು. ದಿನನಿತ್ಯದ ಊಟಕ್ಕೆ ಗುರಿ ಬೇರೆ. ಖಾಲಿ ಹೊಟ್ಟೆಯಲ್ಲಿ 95ರೊಳಗೆ, ಊಟವಾದ ಒಂದು ಗಂಟೆಗೆ 140ರೊಳಗೆ, ಎರಡು ಗಂಟೆಗೆ 120ರೊಳಗೆ ಇರಬೇಕು. ಅವರ ಪುಸ್ತಕದ ಮೊದಲ ಪುಟದಲ್ಲಿದ್ದ ಟೆಸ್ಟ್‌ನ ಗಡಿಗಳನ್ನು ಹೊಡೆದುಹಾಕಿ ಈ ಮೂರನ್ನು ದೊಡ್ಡದಾಗಿ ಬರೆದುಕೊಟ್ಟೆ.

ರಾತ್ರಿ ಊಟ ಬೇಗ ಮಾಡಿ, ಮುದ್ದೆಯ ಗಾತ್ರ ಕಡಿಮೆ ಮಾಡಿ, ಕಾಳಿನ ಸಾರು, ಪಲ್ಯ ಜಾಸ್ತಿ ಮಾಡಿಕೊಂಡರು. ಎರಡು ವಾರದಲ್ಲಿ ಊಟದ ನಂತರದ ಅಂಕಿಗಳು ಗುರಿಯೊಳಗೆ ಬಂದವು. ಬೆಳಗಿನದು 98, 101 ಅಂತಲೇ ನಿಂತಿತು. ಆಗ ರಾತ್ರಿ ಮಲಗುವ ಮುಂಚೆ ಸ್ವಲ್ಪ ಇನ್ಸುಲಿನ್ ಶುರು ಮಾಡಿದೆ. ಬಸುರು ಬೆಳೆದ ಹಾಗೆ ಡೋಸ್ ಏರಿಸಬೇಕಾಯಿತು. ಮಗು 3.2 ಕಿಲೋ ಹುಟ್ಟಿತು. ಹೆರಿಗೆಯಾದ ಮೇಲೆ ಇನ್ಸುಲಿನ್ ನಿಲ್ಲಿಸಿದೆವು.

ಆರು ವಾರವಾದ ಮೇಲೆ ಮತ್ತೆ 75 ಗ್ರಾಂ ಕುಡಿಸಿ ನೋಡಿದೆವು. ಬಾಣಂತನದ ಓಡಾಟದಲ್ಲಿ ಈ ಟೆಸ್ಟ್ ಬಿಟ್ಟುಹೋಗುವುದೇ ಜಾಸ್ತಿ, ಅದಕ್ಕೇ ಮಗುವಿನ ಚುಚ್ಚುಮದ್ದಿನ ದಿನವೇ ಕರೆಸಿದ್ದೆ. ಈಗ ಬಸುರಿನ ಗಡಿಗಳು ಅನ್ವಯಿಸುವುದಿಲ್ಲ, ಒಂದು ಗಂಟೆಯ ರಕ್ತವೂ ಬೇಕಾಗಿಲ್ಲ. ಖಾಲಿ ಹೊಟ್ಟೆಗೆ 100, ಎರಡು ಗಂಟೆಗೆ 140 ಅನ್ನುವ ಸಾಮಾನ್ಯ ಲೆಕ್ಕವೇ ಸರಿ. ಅವರದು 96 ಮತ್ತು 131. ವರ್ಷಕ್ಕೊಮ್ಮೆ ಖಾಲಿ ಹೊಟ್ಟೆಯ ಸಕ್ಕರೆ ನೋಡಿಸಿಕೊಳ್ಳಿ, ಇನ್ನೊಂದು ಮಗು ಬೇಕೆನಿಸಿದರೆ ಬಸುರಾಗುವ ಮುಂಚೆಯೇ ಒಮ್ಮೆ ಬನ್ನಿ ಅಂತ ಬರೆದುಕೊಟ್ಟು ಕಳಿಸಿದೆ.