ಕಿವಿಗಾಗಿ ಬರೆಯುವುದು: ಜನರ ಬಾಯಲ್ಲಿ ಉಳಿಯುವ ಸಂಭಾಷಣೆಯನ್ನು ಕಟ್ಟುವುದು ಹೇಗೆ?

1970ರ ಏಪ್ರಿಲ್‌ನಲ್ಲಿ ಚಂದ್ರನತ್ತ ಹೊರಟಿದ್ದ ಅಪೊಲೊ 13 ನೌಕೆಯಲ್ಲಿ ಆಮ್ಲಜನಕದ ತೊಟ್ಟಿಯೊಂದು ಸ್ಫೋಟಿಸಿತು. ಗಗನಯಾತ್ರಿಗಳು ಹ್ಯೂಸ್ಟನ್‌ನ ನಿಯಂತ್ರಣ ಕೇಂದ್ರಕ್ಕೆ ಹೇಳಿದ್ದು ತಮಗೊಂದು ತೊಂದರೆ ‘ಆಗಿದೆ’ ಎಂದು; ಅದು ಆಗಲೇ ನಡೆದುಹೋದದ್ದನ್ನು ವರದಿ ಮಾಡುವ ಧಾಟಿಯ ಮಾತು. ಇದೇ ಘಟನೆಯನ್ನು ಆಧರಿಸಿ 1995ರಲ್ಲಿ ತೆರೆಗೆ ಬಂದ ಸಿನಿಮಾದಲ್ಲಿ ಆ ಮಾತು ತೊಂದರೆ ‘ಇದೆ’ ಎಂದು ವರ್ತಮಾನಕ್ಕೆ ತಿರುಗಿತು. ಇಂದು ಜಗತ್ತಿನಾದ್ಯಂತ ಜನ ಗಂಭೀರವಾಗಿಯೋ ತಮಾಷೆಗೋ ಉದ್ಧರಿಸುವುದು ಸಿನಿಮಾದ ಸಾಲನ್ನೇ ಹೊರತು ಆಕಾಶದಿಂದ ನಿಜವಾಗಿ ಬಂದ ಸಾಲನ್ನಲ್ಲ. ‘ಆಗಿದೆ’ ಎಂಬುದು ಒಂದು ನಿರ್ದಿಷ್ಟ ಅಪಘಾತಕ್ಕೆ ಅಂಟಿಕೊಂಡಿರುತ್ತದೆ. ‘ಇದೆ’ ಎಂಬುದನ್ನು ಯಾರು ಬೇಕಾದರೂ, ಯಾವ ಗಳಿಗೆಯಲ್ಲಾದರೂ ಎತ್ತಿಕೊಳ್ಳಬಹುದು.

ನೆನಪಿನಲ್ಲಿ ಉಳಿಯುವ ಸಂಭಾಷಣೆಯ ಮುಖ್ಯ ಸಮಸ್ಯೆ ಇಲ್ಲಿಯೇ ಇದೆ. ಅದು ಎರಡು ಕಡೆ ಬದುಕಬೇಕು: ಆ ಪಾತ್ರ, ಆ ಕ್ಷಣ, ಆ ಎದುರಾಳಿಗೆ ಮಾತ್ರ ಸಲ್ಲುವ ಮಾತಾಗಿ ದೃಶ್ಯದ ಒಳಗೆ, ಮತ್ತು ಕಥೆ ಗೊತ್ತಿಲ್ಲದವನಿಗೂ ಅರ್ಥವಾಗುವ ಮಾತಾಗಿ ದೃಶ್ಯದ ಹೊರಗೆ. ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ ಸುಮಾರು 1000 ಇಂಗ್ಲಿಷ್ ಸಿನಿಮಾಗಳಿಂದ ಜನಪ್ರಿಯ ಸಾಲುಗಳನ್ನು ಆಯ್ದು, ಅದೇ ಪಾತ್ರ ಅದೇ ಸಿನಿಮಾದಲ್ಲಿ ಆಡಿದ, ಹೆಚ್ಚುಕಡಿಮೆ ಅಷ್ಟೇ ಉದ್ದದ, ಯಾರೂ ನೆನಪಿಟ್ಟುಕೊಳ್ಳದ ಸಾಲುಗಳೊಂದಿಗೆ ಹೋಲಿಸಿದರು. ಉಳಿದುಕೊಂಡ ಸಾಲುಗಳಲ್ಲಿ ಪದಗಳ ಜೋಡಣೆ ಅಪರೂಪದ್ದಾಗಿತ್ತು, ಆದರೆ ವಾಕ್ಯದ ಕಟ್ಟು ದಿನನಿತ್ಯದ್ದಾಗಿತ್ತು. ಜೊತೆಗೆ ಅವುಗಳಲ್ಲಿ ‘ಅವನು’, ‘ಅವಳು’ ಎಂದು ಕಥೆಯೊಳಗಿನ ಯಾರನ್ನೋ ಬೊಟ್ಟುಮಾಡುವ ಪದಗಳೂ ಭೂತಕಾಲದ ಕ್ರಿಯಾಪದಗಳೂ ಕಡಿಮೆಯಿದ್ದವು. ಇದು ಇಂಗ್ಲಿಷಿನ ಅಧ್ಯಯನವಾದ್ದರಿಂದ ಕನ್ನಡಕ್ಕೆ ನಿಯಮವಾಗಿ ತರುವಂತಿಲ್ಲವಾದರೂ, ಒಂದು ಸಾಲನ್ನು ಮೊದಲ ಕರಡಿನಿಂದ ಕೊನೆಯ ರೂಪದವರೆಗೆ ಕೆತ್ತುತ್ತಾ ಹೋದರೆ ಇದೇ ಸಂಗತಿಗಳು ನಮ್ಮ ಕೈಗೂ ತಾಗುತ್ತವೆ.

ಒಂದು ದೃಶ್ಯವನ್ನು ಕಲ್ಪಿಸಿಕೊಳ್ಳೋಣ. ಕಂಪನಿಯೊಂದರ ಮಾಲೀಕ ತನ್ನ ಹಳೆಯ ಗುಮಾಸ್ತನ ಮುಂದೆ ಲೆಕ್ಕದ ಪುಸ್ತಕ ಸರಿಸಿ, ಒಂದು ಮೊತ್ತದ ಕೊನೆಗೆ ಸೊನ್ನೆ ಸೇರಿಸುವಂತೆ ಹೇಳುತ್ತಾನೆ. ಗುಮಾಸ್ತ ಒಪ್ಪುವುದಿಲ್ಲ. ಅವನು ಏನು ಹೇಳಬೇಕು?

ಮೊದಲು ಅರ್ಥವನ್ನು ಉದ್ದವಾಗಿಯೇ ಬರೆಯಿರಿ

ಆರಂಭದಲ್ಲೇ ಚುರುಕಾದ ಸಾಲಿಗೆ ಕೈ ಹಾಕಿದರೆ ಸಿಗುವುದು ಎಲ್ಲೋ ಕೇಳಿದ ಸಾಲು. ಆದ್ದರಿಂದ ಪಾತ್ರ ಹೇಳಬೇಕಾದುದನ್ನು ಅಂದಗೆಡುತ್ತದೆಂಬ ಚಿಂತೆಯಿಲ್ಲದೆ ಪೂರ್ತಿ ಬರೆದುಕೊಳ್ಳಬೇಕು: “ಒಂದು ಸೊನ್ನೆಯನ್ನು ಸೇರಿಸುವುದು ನಿಮಗೆ ಸಣ್ಣ ವಿಷಯವೆಂದು ತೋರಬಹುದಾದರೂ, ಸಂಖ್ಯೆಯ ಕೊನೆಯಲ್ಲಿ ಬರೆದ ಸೊನ್ನೆಯು ಅದರ ಮೌಲ್ಯವನ್ನು ಹತ್ತು ಪಟ್ಟು ಹೆಚ್ಚಿಸುವುದರಿಂದ ನಾನು ಅದನ್ನು ಬರೆಯಲಾರೆ.” ಓದುವ ಕಣ್ಣಿಗೆ ಇದರಲ್ಲಿ ತಕರಾರಿಲ್ಲ. ಎಲ್ಲಾದರೂ ತಪ್ಪಿದರೆ ಕಣ್ಣು ಹಿಂದಕ್ಕೆ ಹೋಗಿ ‘ತೋರಬಹುದಾದರೂ’ ಎಂಬುದು ಯಾವುದಕ್ಕೆ ಸೇರಿದ್ದೆಂದು ನೋಡಿಕೊಳ್ಳುತ್ತದೆ. ಕಿವಿಗೆ ಆ ಸೌಲಭ್ಯವಿಲ್ಲ. ಕನ್ನಡದಲ್ಲಿ ಮುಖ್ಯ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುವುದರಿಂದ, ಅಲ್ಲಿಯವರೆಗಿನ ಒಳವಾಕ್ಯಗಳನ್ನೆಲ್ಲ ಕೇಳುಗ ನೆನಪಿನಲ್ಲಿ ಹಿಡಿದುಕೊಂಡಿರಬೇಕಾಗುತ್ತದೆ. ಗುಮಾಸ್ತ ‘ಬರೆಯಲಾರೆ’ ಎನ್ನುವ ಹೊತ್ತಿಗೆ ವಾಕ್ಯದ ತಲೆ ಕೇಳುಗನಿಗೆ ಮರೆತಿರುತ್ತದೆ.

ಇಲ್ಲಿ ಅನೇಕರು ಮಾಡುವುದು ಗ್ರಂಥಸ್ಥ ರೂಪಗಳನ್ನು ಆಡುಮಾತಿಗೆ ಇಳಿಸುವ ಕೆಲಸ: “ನಿಮಗೆ ಇದು ಬರೀ ಸೊನ್ನೆ ಅನ್ನಿಸಬಹುದು ಸರ್. ಆದ್ರೆ ಸೊನ್ನೆ ಎಲ್ಲಿ ನಿಲ್ಲುತ್ತೋ ಅದರ ಮೇಲೆ ಅದಕ್ಕೆ ಬೆಲೆ ಬರುತ್ತೆ. ನಾನು ಬರೆಯಲ್ಲ.” ಕೇಳಲು ಸಹಜವಾಗಿದೆ, ಆದರೆ ಸಹಜತೆ ಅರ್ಧ ಕೆಲಸ ಮಾತ್ರ. ಹೊಸ ವಿಚಾರವಾದ ‘ಎಲ್ಲಿ ನಿಲ್ಲುತ್ತೋ’ ನಡುವೆ ಹೂತುಹೋಗಿದೆ, ಮತ್ತು ಎಲ್ಲಕ್ಕಿಂತ ಗಟ್ಟಿಯಾದ ಕೊನೆಯ ಜಾಗವನ್ನು ಪ್ರೇಕ್ಷಕ ಆಗಲೇ ಊಹಿಸಿರುವ ನಿರಾಕರಣೆ ಆಕ್ರಮಿಸಿದೆ.

ಭಾರವನ್ನು ತುದಿಗೆ ತನ್ನಿ

ಈಗ ಕತ್ತರಿ ಹಿಡಿಯಬೇಕು. ಮಾಲೀಕನಿಗೂ ಪ್ರೇಕ್ಷಕನಿಗೂ ಗೊತ್ತಿರುವುದನ್ನೆಲ್ಲ ತೆಗೆದರೆ ಉಳಿಯುವುದು ಒಂದು ವಿರೋಧ ಮಾತ್ರ: ಸೊನ್ನೆಗೆ ಬೆಲೆಯಿಲ್ಲ, ಅದರ ಜಾಗಕ್ಕೆ ಬೆಲೆಯಿದೆ. ಇದನ್ನು ಹಲವು ಬಗೆಯಲ್ಲಿ ಜೋಡಿಸಬಹುದು. “ಜಾಗಕ್ಕೆ ಇದೆ ಬೆಲೆ, ಸೊನ್ನೆಗಲ್ಲ” ಎಂದರೆ ಮಾತು ಹಳೆಯ ಪದದಲ್ಲಿ ಮುಗಿಯುತ್ತದೆ. ಕೇಳುಗನಿಗೆ ಅಚ್ಚರಿ ಮೊದಲೇ ಸಿಕ್ಕಿ, ಉಳಿದದ್ದು ಬಾಲವಾಗುತ್ತದೆ. ಹಾಗಾಗಿ ಗೊತ್ತಿರುವುದು ಮೊದಲು, ಹೊಸದು ಕೊನೆಗೆ:

“ಸೊನ್ನೆಗೆ ಬೆಲೆ ಇಲ್ಲ ಸರ್. ಅದು ನಿಂತ ಜಾಗಕ್ಕಿದೆ.”

ಇದರಲ್ಲಿನ ಸಣ್ಣ ನಿರ್ಧಾರಗಳನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ‘ಜಾಗಕ್ಕೆ ಇದೆ’ ಎಂದು ಬಿಡಿಸಿ ಬರೆದಿದ್ದರೆ ತುದಿಯಲ್ಲಿ ‘ಇದೆ’ ಎಂಬ ಸಪ್ಪೆ ಪದವೊಂದೇ ನಿಲ್ಲುತ್ತಿತ್ತು; ‘ಜಾಗಕ್ಕಿದೆ’ ಎಂದು ಕೂಡಿಸಿದಾಗ ಹೊಸ ವಿಚಾರವೂ ವಾಕ್ಯದ ಕೊನೆಯೂ ಒಂದೇ ಪದವಾಗುತ್ತವೆ. ಸಾಮಾನ್ಯ ಹೇಳಿಕೆಯೊಂದು ಮುಗಿಯುವಾಗ ದನಿ ಇಳಿಯುತ್ತದೆ, ಉಸಿರೂ ಕಡಿಮೆಯಾಗುತ್ತದೆ. ಅಲ್ಲಿ ‘ಕ್ಕಿ’ ಎಂಬ ಒತ್ತಕ್ಷರ ಸಿಕ್ಕರೆ ನಟ ಮೆಲ್ಲಗೆ ಹೇಳಿದರೂ ಪದ ಕಳೆದುಹೋಗುವುದಿಲ್ಲ. ‘ಜಾಗ’ದ ಬದಲು ‘ಸ್ಥಾನ’ ಬಳಸಬಹುದಿತ್ತು, ಅಂಕಗಣಿತದಲ್ಲಿ ‘ಸ್ಥಾನಬೆಲೆ’ ಎಂದೇ ಹೇಳುತ್ತೇವೆ. ಆದರೆ ಆ ಪದ ಬಂದ ಕೂಡಲೇ ಗುಮಾಸ್ತ ಮೇಷ್ಟರಾಗಿಬಿಡುತ್ತಾನೆ. ‘ಜಾಗ’ ಎಂಬುದು ಅಂಕಿಗೂ ಸಲ್ಲುತ್ತದೆ, ಮನುಷ್ಯನಿಗೂ ಸಲ್ಲುತ್ತದೆ. ಇನ್ನು ‘ಸರ್’: ಅದು ಮರ್ಯಾದೆಯ ಜೊತೆಗೆ ನಿಲುಗಡೆಯನ್ನೂ ಒದಗಿಸುತ್ತದೆ. ಗುಮಾಸ್ತ ಒಪ್ಪಿಬಿಟ್ಟ ಎಂದು ಮಾಲೀಕ ಅರೆಕ್ಷಣ ಭಾವಿಸಬೇಕಾದ ಸ್ಥಳ ಅದು. ಚುಕ್ಕಿಯಿಟ್ಟು ‘ನಿಲ್ಲು’ ಎಂದು ನಟನಿಗೆ ಸೂಚಿಸುವುದಕ್ಕಿಂತ, ನಿಲ್ಲದೆ ಬೇರೆ ದಾರಿಯಿಲ್ಲದಂತೆ ಪದವೊಂದನ್ನು ಇಡುವುದು ಲೇಸು.

ಒಂದೇ ಪದದಿಂದ ಉಸಿರನ್ನು ಹೀಗೆ ನಿಯಂತ್ರಿಸಿದ ಪ್ರಸಿದ್ಧ ಉದಾಹರಣೆ 1939ರ ‘ಗಾನ್ ವಿತ್ ದಿ ವಿಂಡ್’ ಚಿತ್ರದ ಕೊನೆಯಲ್ಲಿದೆ. ನಾಯಕ ತನಗಿನ್ನು ಯಾವ ಪರಿವೆಯೂ ಇಲ್ಲವೆಂದು ನಾಯಕಿಗೆ ಹೇಳುವ ಮಾತು ಮಾರ್ಗರೆಟ್ ಮಿಚೆಲ್ ಅವರ ಕಾದಂಬರಿಯಲ್ಲೂ ಇದೆ. ಆದರೆ ಸಾಲಿನ ಆರಂಭದ, ‘ನಿಜ ಹೇಳಬೇಕೆಂದರೆ’ ಎಂಬರ್ಥದ ಪದ ಅಲ್ಲಿಲ್ಲ, ಅದು ಸಿನಿಮಾದಲ್ಲಿ ಸೇರಿದ್ದು. ಅರ್ಥಕ್ಕೆ ಅದರಿಂದ ಹೆಚ್ಚೇನೂ ಸಿಗುವುದಿಲ್ಲ. ಆದರೆ ಏಟು ಬೀಳುವ ಮುನ್ನ ಕೈ ಎತ್ತಲು ಬೇಕಾದಷ್ಟು ಸಮಯ ಸಿಗುತ್ತದೆ. ಕಿವಿಯ ಬರವಣಿಗೆಯೆಂದರೆ ಬರೀ ಸಂಕ್ಷೇಪ ಎಂದು ನಂಬಿದವರು ಇದನ್ನು ಗಮನಿಸಬೇಕು.

ಹಿಂದಿನ ಸಾಲನ್ನು ತಿದ್ದಿ

ನನ್ನ ಅನುಭವದಲ್ಲಿ ಒಂದು ಸಾಲು ಕೂರದಿದ್ದಾಗ ದೋಷ ಹೆಚ್ಚಾಗಿ ಅದರ ಹಿಂದಿನ ಸಾಲಿನಲ್ಲಿರುತ್ತದೆ. ಮಾಲೀಕ “ಒಂದು ಸೊನ್ನೆಗೇನ್ರೀ ಬೆಲೆ?” ಎಂದು ಕೇಳಿದ್ದರೆ ಗುಮಾಸ್ತನ ಸಹಜ ಉತ್ತರ “ಸೊನ್ನೆಗಿಲ್ಲ ಸರ್, ಅದು ನಿಂತ ಜಾಗಕ್ಕಿದೆ” ಎಂದಾಗುತ್ತದೆ. ದೃಶ್ಯದೊಳಗೆ ಇದು ಇನ್ನೂ ಚುರುಕು. ಆದರೆ ಹೊರಗೆ ತೆಗೆದುಕೊಂಡು ಹೋದವನ ಬಳಿ ‘ಬೆಲೆ’ಯೇ ಇರುವುದಿಲ್ಲ, ಪ್ರಶ್ನೆಯನ್ನೂ ಹೊತ್ತುಕೊಂಡು ಹೋಗದೆ ಮಾತು ಅರ್ಥವಾಗುವುದಿಲ್ಲ. ಉತ್ತರದಲ್ಲಿ ‘ಬೆಲೆ’ಯನ್ನು ಮತ್ತೆ ತುರುಕಿದರೆ ದೃಶ್ಯ ಭಾರವಾಗುತ್ತದೆ. ಪರಿಹಾರ ಸರಳವಾಗಿದೆ: ಮಾಲೀಕನ ಬಾಯಿಂದ ಆ ಪದವನ್ನು ಕಿತ್ತುಕೊಳ್ಳಬೇಕು. “ಒಂದು ಸೊನ್ನೆ ತಾನೇ ರೀ? ಸೇರಿಸಿ” ಎಂದಷ್ಟೇ ಅವನು ಹೇಳಲಿ. ಆಗ ‘ಬೆಲೆ’ ಎಂಬ ಮಾತನ್ನು ಮೊದಲು ಎತ್ತುವವನು ಗುಮಾಸ್ತನೇ ಆಗುತ್ತಾನೆ.

ಲೇಖಕ ಈ ಕೆಲಸ ಮಾಡದಿದ್ದರೆ ಪ್ರೇಕ್ಷಕ ತಾನೇ ಮಾಡಿಕೊಳ್ಳುತ್ತಾನೆ. 1980ರ ‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ ಚಿತ್ರದಲ್ಲಿ ಖಳನಾಯಕ ನಾಯಕನಿಗೆ ಹೇಳುವುದು “ಇಲ್ಲ, ನಾನು ನಿನ್ನ ತಂದೆ” ಎಂದು. ಜನ ಉದ್ಧರಿಸುವಾಗ ‘ಇಲ್ಲ’ ಎಂಬುದನ್ನು ಬಿಟ್ಟು ಅಲ್ಲಿ ನಾಯಕನ ಹೆಸರಾದ ‘ಲ್ಯೂಕ್’ ಸೇರಿಸುತ್ತಾರೆ. ಆ ‘ಇಲ್ಲ’ ಹಿಂದಿನ ಮಾತಿಗೆ ಕೊಟ್ಟ ಉತ್ತರವಾದ್ದರಿಂದ ಹೊರಗೆ ಅದಕ್ಕೆ ಕೆಲಸವಿಲ್ಲ. ಹೆಸರು ಬಂದರೆ ಯಾವ ಕಥೆಯ ಮಾತೆಂದು ತಕ್ಷಣ ತಿಳಿಯುತ್ತದೆ. ಇದನ್ನು ತಪ್ಪು ಉದ್ಧರಣೆ ಎಂದು ನಗುವವರಿದ್ದಾರೆ. ನನಗೆ ಅದು ಜನರು ನಡೆಸಿದ ಜಾಣ ತಿದ್ದುಪಡಿಯಂತೆ ಕಾಣುತ್ತದೆ.

ಗುಮಾಸ್ತನ ಮಾತಿಗೆ ಇನ್ನೊಂದು ಪದರ ಬೇಕಿದ್ದರೆ, ಹಲವು ದೃಶ್ಯಗಳ ಹಿಂದೆಯೇ ಮಾಲೀಕ ಬೇರೆ ಯಾರಿಗೋ “ಅವನೊಂದು ಸೊನ್ನೆ ಬಿಡ್ರೀ” ಎಂದು ಇವನ ಬಗ್ಗೆಯೇ ಹೇಳಿರಬಹುದು, ಅದು ಇವನ ಕಿವಿಗೂ ಬಿದ್ದಿರಬಹುದು. ಆಗ ಲೆಕ್ಕದ ಮಾತು ಅವನ ಬಾಳಿನ ಮಾತೂ ಆಗುತ್ತದೆ. ಎರಡರ ನಡುವೆ ಸಾಕಷ್ಟು ಅಂತರವಿರಲಿ. ಎರಡೂ ಒಂದೇ ದೃಶ್ಯದಲ್ಲಿ ಬಂದರೆ ಲೇಖಕನ ಜಾಣ್ಮೆ ಕಾಣುತ್ತದೆ, ಪಾತ್ರ ಮರೆಯಾಗುತ್ತದೆ.

ಹಾಳೆ ಮುಚ್ಚಿ ಕೇಳಿ

ಪರೀಕ್ಷೆಗೆ ಬೇರೆಯವರ ಬಾಯಿ ಬೇಕು, ಏಕೆಂದರೆ ಬರೆದವನು ಓದುವಾಗ ಹಾಳೆಯಲ್ಲಿಲ್ಲದ ಒತ್ತುಗಳನ್ನೂ ಸೇರಿಸಿಬಿಡುತ್ತಾನೆ. ಕಥೆ ತಿಳಿಯದ ಒಬ್ಬರಿಗೆ ದೃಶ್ಯವನ್ನು ಕೊಟ್ಟು, ಸಿದ್ಧತೆಯಿಲ್ಲದೆ ಗಟ್ಟಿಯಾಗಿ ಓದಿಸಿ, ಹಾಳೆ ನೋಡದೆ ಕೇಳಿ. ಅವರು ತಡವರಿಸುವ ಜಾಗದಲ್ಲಿ ಸಾಮಾನ್ಯವಾಗಿ ಎರಡು ಕಠಿಣ ಅಕ್ಷರಗಳು ಒತ್ತೊತ್ತಾಗಿರುತ್ತವೆ, ಇಲ್ಲವೇ ಉಸಿರು ತೆಗೆದುಕೊಳ್ಳಲು ಎಡೆಯಿರುವುದಿಲ್ಲ. ಬಳಿಕ ಪಾತ್ರಗಳ ಹೆಸರು ಮುಚ್ಚಿ ನೋಡಿ: ಇದೇ ಸಾಲನ್ನು ಮಾಲೀಕನೂ ಹೇಳಬಹುದು ಎನ್ನಿಸಿದರೆ ಅದು ಪಾತ್ರದ ಮಾತಲ್ಲ, ಸುಭಾಷಿತ.

ದೃಶ್ಯದ ಮುಂದಿನ ಸಾಲನ್ನೂ ಆಗಲೇ ಪರಿಶೀಲಿಸಬೇಕು. ಗುಮಾಸ್ತ “ಅಂದ್ರೆ ನಾನು ಬರೆಯಲ್ಲ” ಎಂದು ವಿವರಿಸಿದರೆ ಅಥವಾ ಮಾಲೀಕ ತಕ್ಷಣ ಪ್ರತ್ಯುತ್ತರ ಕೊಟ್ಟರೆ, ಕೇಳುಗನ ಗಮನ ಹೊಸ ಮಾತಿನತ್ತ ಓಡುತ್ತದೆ. ಚಿತ್ರಮಂದಿರದಲ್ಲಿ ಚಪ್ಪಾಳೆ ಬಿದ್ದರೆ ಆ ಪ್ರತ್ಯುತ್ತರವೂ ಕೇಳಿಸುವುದಿಲ್ಲ. ಅಲ್ಲಿ ಮಾತಿನ ಬದಲು ಒಂದು ಕ್ರಿಯೆ ಇರಲಿ: ಮಾಲೀಕ ಪುಸ್ತಕವನ್ನು ತನ್ನತ್ತ ಎಳೆದುಕೊಳ್ಳಲಿ. ಒಂದೇ ದೃಶ್ಯದಲ್ಲಿ ಇಂಥ ಮೂರು ಸಾಲುಗಳಿದ್ದರೆ ಎರಡನ್ನು ಹೊಡೆದುಹಾಕುವುದೇ ಸರಿ, ಏಕೆಂದರೆ ಸುತ್ತಲಿನ ಮಾತು ಸಾಧಾರಣವಾಗಿದ್ದಾಗ ಮಾತ್ರ ಒಂದು ಸಾಲು ಎದ್ದು ಕೇಳಿಸುತ್ತದೆ.

ಕೊನೆಯದಾಗಿ, ಓದು ಕೇಳಿದವರನ್ನು ಮರುದಿನ ಮತ್ತೆ ವಿಚಾರಿಸಿ, ಸಾಲನ್ನು ನೆನಪಿನಿಂದ ಹೇಳಿಸಿ. ಪೂರ್ತಿ ಮರೆತಿದ್ದರೆ ಹಿಂದಿನ ಹೆಜ್ಜೆಗಳಿಗೆ ಮರಳಬೇಕು. ತಪ್ಪಾಗಿ ಹೇಳಿದರೆ ಆ ತಪ್ಪನ್ನು ಬರೆದಿಟ್ಟುಕೊಳ್ಳಿ. ಒಬ್ಬೊಬ್ಬರು ಒಂದೊಂದು ರೀತಿ ತಪ್ಪಿದರೆ ಸಾಲಿನ ಕಟ್ಟು ಸಡಿಲವಾಗಿದೆ ಎಂದರ್ಥ. ಎಲ್ಲರೂ ‘ಸರ್’ ಬಿಟ್ಟಿದ್ದರೆ ಅದನ್ನು ತೆಗೆಯಬೇಕಿಲ್ಲ, ಅದು ದೃಶ್ಯಕ್ಕೆ ಬೇಕಾದ ಪದ. ಆದರೆ ಎಲ್ಲರೂ ‘ಅದು’ ಎಂಬುದನ್ನು ಬಿಟ್ಟು “ಸೊನ್ನೆಗೆ ಬೆಲೆ ಇಲ್ಲ, ನಿಂತ ಜಾಗಕ್ಕಿದೆ” ಎಂದಿದ್ದರೆ, ಹಾಳೆಯಲ್ಲೂ ಆ ಪದವನ್ನು ಹೊಡೆದುಹಾಕಿ, ದೃಶ್ಯವನ್ನು ಇನ್ನೊಮ್ಮೆ ಓದಿಸಿ ಕೇಳಬೇಕು.