ಅರ್ಧ ಶ್ರೇಯ ಬಿಟ್ಟುಕೊಟ್ಟು ಬರೆದ ಶಿಫಾರಸು ಪತ್ರ

"ಎಚ್‌ಆರ್‌ಗೆ ಪತ್ರ ಬರೆದು ಕೈಕೆಳಗಿನವರ ಸಂಬಳ ಹೆಚ್ಚಿಸಿದವರನ್ನು ನಾನಂತೂ ಕಂಡಿಲ್ಲ, ಸುಮ್ಮನೆ ಕಾಗದ ಹಾಳು" ಎಂದು ನಮ್ಮ ಟೂಲ್ ರೂಮಿನ ಹಿರಿಯರು ಹೇಳಿದ್ದರು. ಅವರ ಮಾತಿಗೆ ಆಧಾರವೂ ಇತ್ತು. ಅದಕ್ಕೂ ಮೊದಲು ನಾನು ಬರೆದ ಎರಡು ಪತ್ರಗಳು ಎಲ್ಲಿಗೆ ಹೋಗಿ ಬಿದ್ದಿದ್ದವು ಎಂಬುದನ್ನು ಅವರು ಕಣ್ಣಾರೆ ನೋಡಿದ್ದರು. ಮೂರನೆಯದು ಫಲಿಸಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಬಿಡಿಭಾಗಗಳ ಕಾರ್ಖಾನೆ. ಮೊದಲೆರಡು ಪತ್ರಗಳನ್ನು ಯಂತ್ರಗಳನ್ನು ಸಜ್ಜುಗೊಳಿಸಿಕೊಡುವ ಒಬ್ಬ ಸೆಟ್ಟರ್‌ಗಾಗಿ ಬರೆದಿದ್ದೆ. ಮೊದಲನೆಯದರಲ್ಲಿ ಪ್ರಾಮಾಣಿಕ, ಶ್ರಮಜೀವಿ, ಸದಾ ಹಸನ್ಮುಖಿ ಎಂದೆಲ್ಲ ಒಂದೂವರೆ ಪುಟ ತುಂಬಿಸಿದ್ದೆ. ಈಗ ಓದಿದರೆ ವಧುವರಾನ್ವೇಷಣೆಯ ಜಾಹೀರಾತಿನಂತಿದೆ. "ಗಮನಿಸಲಾಗಿದೆ" ಎಂಬ ಒಂದೇ ಪದದ ಉತ್ತರ ಬಂತು. ಮರುವರ್ಷ ಧಾಟಿ ಬದಲಿಸಿದೆ. ಇವನು ಬಿಟ್ಟು ಹೋಗುತ್ತಾನೆ ಎಂದು ಹೆದರಿಸಿದೆ, ಇವನಿಗಿಂತ ಕಡಿಮೆ ಕೆಲಸ ಮಾಡುವ ಇನ್ನೊಬ್ಬನಿಗೆ ಹೆಚ್ಚು ಸಂಬಳವಿದೆ ಎಂದು ಹೆಸರು ಹಿಡಿದೇ ಬರೆದೆ. ಆ ಇನ್ನೊಬ್ಬನಿಗೆ ವಿಷಯ ಹೇಗೋ ಮುಟ್ಟಿತು. ಆರು ತಿಂಗಳು ಅವನು ನನ್ನ ಮುಖ ನೋಡಲಿಲ್ಲ. ಸೆಟ್ಟರ್ ನಂಜನಗೂಡಿನ ಕಡೆ ಬೇರೆ ಕೆಲಸ ಹಿಡಿದ. ಅವನ ಜಾಗಕ್ಕೆ ಬಂದವನಿಗೆ, ನಾನು ಕೇಳಿದ್ದಕ್ಕಿಂತ ತಿಂಗಳಿಗೆ ಐದಾರು ಸಾವಿರ ಹೆಚ್ಚೇ ಕೊಡಬೇಕಾಯಿತು.

ಮೂರನೆಯ ಪತ್ರ ಬರೆದದ್ದು 2024ರ ಜನವರಿಯಲ್ಲಿ, ಅಂತಿಮ ತಪಾಸಣೆಯ ಮೇಜಿನಲ್ಲಿರುವ ಹುಡುಗಿಗಾಗಿ. ಇಲ್ಲಿ ಅವಳನ್ನು ಲತಾ ಎಂದು ಕರೆಯುತ್ತೇನೆ. ಏಪ್ರಿಲ್‌ನಲ್ಲಿ ಬರೆದರೆ ಪ್ರಯೋಜನವಿಲ್ಲ, ಅಷ್ಟರಲ್ಲಿ ಹಣ ಹಂಚಿ ಮುಗಿದಿರುತ್ತದೆ. ಇದು ನಿಮಗೂ ಗೊತ್ತಿರುವುದೇ.

ಅವಳು ಮಾಡಿದ್ದೇನು ಎಂಬುದನ್ನು ಹೇಳಲೇಬೇಕು, ಪತ್ರ ನಿಂತಿದ್ದೇ ಅದರ ಮೇಲೆ. ನಮ್ಮ ಅಲ್ಯೂಮಿನಿಯಂ ಬುಷ್‌ನ ಒಳವ್ಯಾಸ 40 ಮಿಲಿಮೀಟರ್. ಮೇಲಕ್ಕೆ 25 ಮೈಕ್ರಾನ್ ಸಲಿಗೆ ಇದೆ, ಕೆಳಕ್ಕೆ ಸೊನ್ನೆ. 2022ರಲ್ಲಿ ಗ್ರಾಹಕರಿಂದ ಸುಮಾರು ಒಂಬತ್ತು ಲಾಟ್ ವಾಪಸ್ ಬಂದವು. ಎಲ್ಲದಕ್ಕೂ ಒಂದೇ ದೂರು: ರಂಧ್ರದ ಕನಿಷ್ಠ ಅಳತೆ ನೋಡುವ ಗೋ ಗೇಜ್ ಒಳಗೆ ಹೋಗುತ್ತಿಲ್ಲ. ನಮ್ಮ ದಾಖಲೆಯಲ್ಲಿ ಎಲ್ಲವೂ ಸರಿ. ಆಪರೇಟರ್‌ಗಳು ಗೇಜ್ ಸವೆದಿದೆ ಎಂದರು, ನಾನು ಆಪರೇಟರ್‌ಗಳನ್ನು ಬೈದೆ. ಲತಾ ಮಾತ್ರ ಯಂತ್ರದಿಂದ ಆಗಷ್ಟೇ ಇಳಿದ ಹತ್ತು ಬುಷ್‌ಗಳಿಗೆ ಮಾರ್ಕರ್‌ನಲ್ಲಿ ಗುರುತು ಹಾಕಿ ಅಳೆದಳು, ಟ್ರೇಯಲ್ಲಿಟ್ಟು ಚಹಾ ಕುಡಿದು ಬಂದಳು, ಮತ್ತೆ ಅಳೆದಳು. ಎಲ್ಲವೂ ಹನ್ನೆರಡು, ಹದಿಮೂರು ಮೈಕ್ರಾನ್ ಕುಗ್ಗಿದ್ದವು. ಬಿಸಿಯಲ್ಲಿ ಎಂಟು ಮೈಕ್ರಾನ್ ಮೇಲಿದ್ದ ರಂಧ್ರ ತಣ್ಣಗಾದ ಮೇಲೆ ಸೊನ್ನೆಗಿಂತ ಕೆಳಗೆ! ಕೂಲಂಟ್ ಹೆಚ್ಚು ಬಿಸಿಯಾಗುತ್ತಿದ್ದ ಎರಡನೇ ಪಾಳಿಯ ಲಾಟ್‌ಗಳೇ ಹೆಚ್ಚಾಗಿ ವಾಪಸಾಗುತ್ತಿದ್ದವು ಎಂಬುದನ್ನೂ ಅವಳೇ ರಿಜಿಸ್ಟರ್ ತಿರುವಿ ತೋರಿಸಿದಳು. ಅಂದಿನಿಂದ ಇಪ್ಪತ್ತು ನಿಮಿಷ ತಣಿಯದ ತುಂಡನ್ನು ಅವಳು ಮುಟ್ಟುವುದಿಲ್ಲ, ಯಾರು ಆತುರಪಡಿಸಿದರೂ. 2023ರಲ್ಲಿ ವಾಪಸ್ ಬಂದದ್ದು ಎರಡೇ ಲಾಟ್.

ಒಂದು ಲಾಟ್ ಹಿಂದಿರುಗಿದರೆ ಸಾಗಣೆ, ಮರುವಿಂಗಡಣೆ, ಗ್ರಾಹಕರ ಡೆಬಿಟ್ ನೋಟ್ ಎಲ್ಲ ಸೇರಿ ಮೂವತ್ತೈದರಿಂದ ನಲವತ್ತು ಸಾವಿರ. ಏಳು ಲಾಟ್‌ಗೆ ಎರಡೂವರೆ ಲಕ್ಷದ ಮೇಲೆ. ಮೊದಲ ಕರಡಿನಲ್ಲಿ ಅಷ್ಟನ್ನೂ ಅವಳ ಖಾತೆಗೇ ಹಾಕಿದ್ದೆ. ರಾತ್ರಿ ಮಲಗಿದಾಗ ಹೊಳೆಯಿತು: ಅದೇ ವರ್ಷ ನಾವು ಕೂಲಂಟ್ ಟ್ಯಾಂಕನ್ನೂ ದೊಡ್ಡದು ಮಾಡಿದ್ದೆವು. ಲೆಕ್ಕಪತ್ರದವರು ಅದನ್ನು ಎತ್ತಿದರೆ ಇಡೀ ಪತ್ರ ಮುಗ್ಗರಿಸುತ್ತದೆ. ಅವರು ಕೇಳುವ ಮೊದಲೇ ನಾನೇ ಬರೆದೆ:

"ಈ ಉಳಿತಾಯದಲ್ಲಿ ಟ್ಯಾಂಕ್ ಬದಲಾವಣೆಯ ಪಾಲೂ ಇದೆ. ಅರ್ಧವನ್ನು ಮಾತ್ರ ಇವರ ಕೆಲಸಕ್ಕೆ ಸಲ್ಲಿಸುತ್ತಿದ್ದೇನೆ, ಅಂದರೆ ವರ್ಷಕ್ಕೆ ಸುಮಾರು 1.3 ಲಕ್ಷ. ಇವರ ವರದಿ ಬರವಣಿಗೆ ಇನ್ನೂ ನಿಧಾನ, ಅದನ್ನು ನಾನು ತಿದ್ದಬೇಕಿದೆ."

ಆಮೇಲೆ ಎಚ್‌ಆರ್ ಮೇಡಂ ಹೇಳಿದ್ದು, ಈ ಮೂರು ವಾಕ್ಯ ಓದಿದ ಮೇಲೆಯೇ ಉಳಿದದ್ದನ್ನು ನಂಬಿದರಂತೆ. ಪತ್ರ ಒಂದು ಪುಟ ದಾಟಲಿಲ್ಲ. ಲತಾಳ ರಿಜಿಸ್ಟರಿನ ಎರಡು ಹಾಳೆಗಳ ನಕಲು ಲಗತ್ತಿಸಿದೆ. ಬೇರೆ ಯಾರ ಹೆಸರೂ ಇಲ್ಲ, ಬಿಟ್ಟು ಹೋಗುತ್ತಾಳೆ ಎಂಬ ಬೆದರಿಕೆಯೂ ಇಲ್ಲ.

ಇನ್ನು ಎಷ್ಟು ಕೇಳುವುದು? ನಮ್ಮಲ್ಲಿ ಬಹಳ ಜನ ಮುಗ್ಗರಿಸುವುದು ಇಲ್ಲೇ. ಅವಳ ಒಟ್ಟು ಸಂಬಳ 19,600 ರೂಪಾಯಿ. ಹೊರಗಿನವರಿಗೆ ಎರಡು ಸಾವಿರ ಏರಿಸಿದರೆ ಸಾಕು ಅನ್ನಿಸುತ್ತದೆ. ಆದರೆ 21,000 ದಾಟಿದರೆ ನೌಕರರ ರಾಜ್ಯ ವಿಮೆ, ಅಂದರೆ ಇಎಸ್‌ಐ ವ್ಯಾಪ್ತಿಯಿಂದ ಹೊರಗೆ. ಅವಳ ಪಾಲಿನ ಮುಕ್ಕಾಲು ಶೇಕಡಾ ಉಳಿಯಬಹುದು, ಹೆಚ್ಚೆಂದರೆ ನೂರೈವತ್ತು ರೂಪಾಯಿ, ಆದರೆ ಅವಳನ್ನೇ ನಂಬಿರುವ ಅಪ್ಪ ಅಮ್ಮನ ಚಿಕಿತ್ಸೆ ಕೈತಪ್ಪುತ್ತದೆ. ನಮ್ಮ ಕಂಪನಿಯ ಗುಂಪು ವಿಮೆಯಲ್ಲಿ ಹೆತ್ತವರಿಗೆ ಜಾಗವಿಲ್ಲ. ಆದ್ದರಿಂದ ಕೊಟ್ಟರೆ ಆ ನಷ್ಟವನ್ನು ತುಂಬುವಷ್ಟು ಕೊಡಿ, ಇಲ್ಲವೇ 21,000ದ ಒಳಗೇ ಇಡಿ ಎಂದು ಎರಡು ದಾರಿ ತೋರಿಸಿದೆ. ಕೇಳಿದ್ದು 24,000. ಅದಕ್ಕಿಂತ ಮೇಲೆ ಹೋಗಿ 25,000 ಮುಟ್ಟಿದರೆ ಆಗ ತಿಂಗಳಿಗೆ 200 ರೂಪಾಯಿ ವೃತ್ತಿ ತೆರಿಗೆ ಬೇರೆ ಇತ್ತು. ಭವಿಷ್ಯನಿಧಿ, ಗ್ರಾಚ್ಯುಟಿ ಸೇರಿಸಿ ಕಂಪನಿಗೆ ಬೀಳುವ ಹೊರೆ ತಿಂಗಳಿಗೆ ಐದು ಸಾವಿರದ ಆಸುಪಾಸು, ವರ್ಷಕ್ಕೆ ಅರವತ್ತು ಸಾವಿರ ಎಂಬುದನ್ನೂ ನಾನೇ ಬರೆದೆ. ಬರಿಯ 4,400 ಎಂದು ಬರೆದಿದ್ದರೆ ಮಿಕ್ಕಿದ್ದನ್ನು ಅವರು ಕೂಡಿಸಿ, ನಾನು ಮುಚ್ಚಿಟ್ಟೆ ಎಂದುಕೊಳ್ಳುತ್ತಿದ್ದರು.

ಏರಿಕೆಯನ್ನು ಏಪ್ರಿಲ್ ಒಂದರ ಬದಲು ಮೇ ಒಂದರಿಂದ ಕೊಡಿ ಎಂದೂ ಕೇಳಿದೆ. ಟೂಲ್ ರೂಮಿನ ಹಿರಿಯರು ನಕ್ಕರು, ಒಂದು ತಿಂಗಳ ದುಡ್ಡು ಬಿಟ್ಟುಕೊಡುವ ಮ್ಯಾನೇಜರ್ ಎಂದು. ಲೆಕ್ಕ ಹೀಗಿದೆ: ಇಎಸ್‌ಐ ವಂತಿಗೆಯ ಅವಧಿ ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಅವಧಿ ಶುರುವಾದ ಮೇಲೆ ಸಂಬಳ ಮಿತಿ ದಾಟಿದರೆ ಆ ಅವಧಿ ಮುಗಿಯುವವರೆಗೂ ಅವರು ಒಳಗೇ ಇರುತ್ತಾರೆ. ಒಂದು ಅವಧಿಗೆ ಕಟ್ಟಿದ ವಂತಿಗೆಯ ಸೌಲಭ್ಯ ಅದು ಮುಗಿದು ಮೂರು ತಿಂಗಳಾದ ಮೇಲೆ ಶುರುವಾಗಿ ಆರು ತಿಂಗಳು ಇರುತ್ತದೆ. ಏಪ್ರಿಲ್‌ನಲ್ಲೇ ದಾಟಿದ್ದರೆ ಸೌಲಭ್ಯ ಡಿಸೆಂಬರ್‌ಗೆ ನಿಲ್ಲುತ್ತಿತ್ತು. ಮೇ ತಿಂಗಳಾದ್ದರಿಂದ ಮರುವರ್ಷದ ಜೂನ್‌ವರೆಗೆ ಸಿಕ್ಕಿತು. ಈ ಒಂದು ಸಾಲಿಗೆ ನಾನು ಸ್ವಲ್ಪ ಬೀಗಿದರೆ ತಪ್ಪಿಲ್ಲ.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ತಂಡದವರೆಲ್ಲ ತಮ್ಮ ಸಾಧನೆಯನ್ನು ತಾವೇ ಒಂದು ಪುಸ್ತಕದಲ್ಲಿ ಬರೆದಿಡಲಿ ಎಂದೆ. ಇಬ್ಬರು ಬರೆದರು. ಅದರಲ್ಲಿ ಒಬ್ಬ ಬರೆದದ್ದು ಕ್ಯಾಂಟೀನಿನ ಮುದ್ದೆಯಲ್ಲಿ ಗಂಟಿರುತ್ತದೆ ಎಂಬ ದೂರು. ಈಗ ವಾರಕ್ಕೊಮ್ಮೆ ನಾನೇ ದಿನಾಂಕ ಹಾಕಿ ಎರಡು ಸಾಲು ಗೀಚುತ್ತೇನೆ. ಇನ್ನೊಂದು: ಮೇಲಿನವರಿಗೆ ಇಂಗ್ಲಿಷೇ ಬೇಕು, ಆದರೂ ಕರಡನ್ನು ಕನ್ನಡದಲ್ಲಿ ಬರೆದುಕೊಂಡೆ. ಟೊಳ್ಳು ಹೊಗಳಿಕೆ ಕನ್ನಡದಲ್ಲಿ ಬೇಗ ಸಿಕ್ಕಿಬೀಳುತ್ತದೆ.

ಪತ್ರ ಕಳಿಸುವ ಹಿಂದಿನ ದಿನ ಲೆಕ್ಕಪತ್ರ ವಿಭಾಗದವರ ಜೊತೆ ಕಾಫಿ ಕುಡಿದೆ. ಅಲ್ಲಿ ಏನು ಕೇಳಿದೆ, ಅವರು ಯಾವ ಅಂಕಿಯನ್ನು ತಿದ್ದಿಕೊಟ್ಟರು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಮುಂದಿನ ಜನವರಿಗೂ ಅದು ನನಗೆ ಬೇಕು.

ಕೇಳಿದ್ದು 24,000, ಮಂಜೂರಾದದ್ದು 23,500. ಮೇ ತಿಂಗಳ ಸಂಬಳದ ಚೀಟಿ ಹಿಡಿದು ಬಂದ ಲತಾ, "ಸರ್, ಉಳಿದವರಿಗೆಲ್ಲ ಏಪ್ರಿಲ್‌ನಿಂದ ಕೊಟ್ಟಿದ್ದಾರೆ, ನನಗೆ ಯಾಕೆ ಒಂದು ತಿಂಗಳು ತಡ?" ಎಂದು ಮುಖ ಸಣ್ಣಗೆ ಮಾಡಿದಳು. ವಿವರಿಸಿದೆ. ಪೂರ್ತಿ ಒಪ್ಪಿದಂತೆ ಕಾಣಲಿಲ್ಲ. ಮರುವರ್ಷ ಫೆಬ್ರವರಿಯಲ್ಲಿ ಅವಳ ಅಪ್ಪನ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಇಎಸ್‌ಐನಲ್ಲೇ ಆಯಿತು. ಮೂರು ದಿನ ರಜೆ ಮುಗಿಸಿ ಬಂದವಳು ನನ್ನ ಮೇಜಿನ ಮೇಲೆ ಒಂದು ಪೊಟ್ಟಣ ಮೈಸೂರು ಪಾಕ್ ಇಟ್ಟು, ಏನೂ ಹೇಳದೆ ಗೇಜ್ ಎತ್ತಿಕೊಂಡು ಹೋದಳು.